ಆಕಾಶದಲ್ಲಿ ಪಟ್ಟಿ ಬಂತೇ? ಎಡಿಟ್‌ನಿಂದ ಕಲರ್‌ಗೆ ಹೋಗುವಾಗ ಕೋಡೆಕ್ ಎಲ್ಲಿ ಕೈಕೊಟ್ಟಿತು ಅಂತ ಪತ್ತೆ ಮಾಡುವ ಬಗೆ

ಲಕ್ಷಣ

ಎಡಿಟ್ ಮುಗಿದಿದೆ, ಫೂಟೇಜ್ ಕಲರ್ ಸಾಫ್ಟ್‌ವೇರ್‌ಗೆ ಬಂದಿದೆ. ಸಂಜೆಯ ಆಕಾಶದ ಶಾಟ್ ತೆರೆದು ಕಾಂಟ್ರಾಸ್ಟ್ ಸ್ವಲ್ಪ ಏರಿಸುತ್ತೀರಿ. ನೀಲಿಯಿಂದ ಕಿತ್ತಳೆಗೆ ನಯವಾಗಿ ಇಳಿಯಬೇಕಿದ್ದ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಕಪ್ಪು ಜಾಗಗಳಲ್ಲಿ ಸಣ್ಣ ಚೌಕಗಳು ಕುಣಿಯುತ್ತವೆ. ಆದರೆ ಗ್ರೇಡ್ ತೆಗೆದರೆ ಎಲ್ಲ ಸರಿಯಾಗೇ ಕಾಣುತ್ತದೆ.

ಈ ಕೊನೆಯ ಮಾತನ್ನು ಗಮನದಲ್ಲಿಡಿ. ಗ್ರೇಡ್ ಇಲ್ಲದಾಗ ಚೆನ್ನಾಗಿ ಕಾಣುವುದರಿಂದಲೇ ಈ ದೋಷ ಎಡಿಟರ್ ಕಣ್ಣಿಗೆ ಬೀಳುವುದಿಲ್ಲ. ಅವರು ಫೈಲ್ ಕಳಿಸುವ ಮುಂಚೆ ಪ್ಲೇ ಮಾಡಿ ನೋಡಿರುತ್ತಾರೆ, ಎಲ್ಲ ನಯವಾಗೇ ಇರುತ್ತದೆ. ತಪ್ಪು ಇರುವುದು ಕಾಣುವ ಚಿತ್ರದಲ್ಲಲ್ಲ, ಚಿತ್ರವನ್ನು ಎಳೆದಾಗ ಬೇಕಾಗುವ ಮಾಹಿತಿಯಲ್ಲಿ. ಅದು ದಾರಿಯಲ್ಲೇ ಕಳೆದುಹೋಗಿರುತ್ತದೆ.

ನನಗೆ ಹೀಗಾದ ಒಂದು ಕೆಲಸವನ್ನೇ ಇಟ್ಟುಕೊಂಡು ಹೇಳುತ್ತೇನೆ. ಸುಮಾರು 10 ನಿಮಿಷದ ಚಿತ್ರ, 3840×2160, ಸೆಕೆಂಡಿಗೆ 25 ಫ್ರೇಮ್. ಕ್ಯಾಮೆರಾದಲ್ಲಿ 10 ಬಿಟ್ ಲಾಗ್‌ನಲ್ಲಿ, ಅಂದರೆ ಆಮೇಲೆ ಬಣ್ಣ ಎಳೆಯಲೆಂದೇ ಮಂಕಾಗಿ ದಾಖಲಿಸುವ ರೀತಿಯಲ್ಲಿ, ಚಿತ್ರೀಕರಿಸಿದ್ದು. ಎಡಿಟರ್ ಗೆಳೆಯ ಇಡೀ ಟೈಮ್‌ಲೈನನ್ನು ಒಂದೇ ಫೈಲ್ ಮಾಡಿ ಕಳಿಸಿದ್ದ. ಆ ಫೈಲ್ ಮೂರು ಸಲ ವಾಪಸ್ ಹೋಗಿ ಬಂತು. ಮೂರು ಸಲವೂ ಆಕಾಶದಲ್ಲಿ ಪಟ್ಟಿ ಇತ್ತು, ಆದರೆ ಪ್ರತಿ ಸಲ ಕಾರಣ ಬೇರೆ.

ಮೊದಲು ಮಾನಿಟರ್ ಮೇಲಿನ ಅನುಮಾನ ಕಳೆದುಕೊಳ್ಳಿ

ಕೆಲವು ಸಲ ಫೈಲ್ ಚೆನ್ನಾಗಿದ್ದು ಪರದೆಯೇ ಪಟ್ಟಿ ತೋರಿಸುತ್ತದೆ. ಕಲರ್ ಸಾಫ್ಟ್‌ವೇರ್ ಒಳಗೇ ಕಪ್ಪಿನಿಂದ ಬಿಳಿಗೆ ಹೋಗುವ ಒಂದು ಗ್ರೇಡಿಯಂಟ್ ಮಾಡಿ ನೋಡಿ. ಅದರಲ್ಲೂ ನಿಮ್ಮ ಶಾಟ್‌ನಂಥದ್ದೇ ದಪ್ಪ ಪಟ್ಟಿ ಕಂಡರೆ ದೋಷ ಪರದೆಯದ್ದು, ಇಲ್ಲವೇ ಅದಕ್ಕೆ ಹೋಗುವ ಸಿಗ್ನಲ್‌ನದ್ದು. ಗ್ರೇಡಿಯಂಟ್ ನಯವಾಗಿದ್ದು ಆಕಾಶ ಮಾತ್ರ ಒಡೆದರೆ ಮುಂದೆ ಓದಿ.

ಎರಡನೇ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. ಎಡಿಟರ್ ಹತ್ತಿರ ಆ ಒಂದು ಶಾಟ್‌ನ ಕ್ಯಾಮೆರಾ ಒರಿಜಿನಲ್ ಕೇಳಿ ತರಿಸಿಕೊಳ್ಳಿ, ಇಡೀ ಪ್ರಾಜೆಕ್ಟ್ ಬೇಡ. ಬಂದ ಎಕ್ಸ್‌ಪೋರ್ಟ್ ಮೇಲೆ ಮಾಡಿದ ಗ್ರೇಡನ್ನೇ ಕಾಪಿ ಮಾಡಿ ಒರಿಜಿನಲ್ ಮೇಲೆ ಹಾಕಿ, ಅದೇ ಫ್ರೇಮಿಗೆ ಹೋಗಿ ನಿಲ್ಲಿಸಿ. ಒರಿಜಿನಲ್‌ನಲ್ಲೂ ಪಟ್ಟಿ ಇದ್ದರೆ ಕ್ಯಾಮೆರಾದಲ್ಲೇ ಮಾಹಿತಿ ಕಡಿಮೆ ದಾಖಲಾಗಿದೆ. ಆಗ ಚಿತ್ರವನ್ನು ಒತ್ತಿ ಚಿಕ್ಕ ಫೈಲ್ ಮಾಡುವ ಕೋಡೆಕ್ ಯಾವುದನ್ನು ಬದಲಿಸಿದರೂ ಪ್ರಯೋಜನವಿಲ್ಲ. ಒರಿಜಿನಲ್ ನಯವಾಗಿದ್ದರೆ ದಾರಿಯಲ್ಲಿ ಎಲ್ಲೋ ಹಾಳಾಗಿದೆ. ನನ್ನ ಕೆಲಸದಲ್ಲಿ ಒರಿಜಿನಲ್ ನಯವಾಗಿತ್ತು.

ಫೈಲ್ ಒಳಗೆ ಏನಿದೆ ಅಂತ ಕೇಳಿ

ಫೈಲ್ ಹೆಸರನ್ನೂ `.mov` ಅನ್ನುವ ಬಾಲವನ್ನೂ ನಂಬಬೇಡಿ. ಅದು ಬರೀ ಡಬ್ಬಿ. ಅದರೊಳಗೆ ಪ್ರೊರೆಸ್ ಇರಬಹುದು, ಎಚ್.264 ಕೂಡ ಇರಬಹುದು. ಎಫ್ಎಫ್ಎಂಪೆಗ್ ಜೊತೆ ಬರುವ `ffprobe` ಇದನ್ನು ಎರಡು ಸೆಕೆಂಡಲ್ಲಿ ಹೇಳುತ್ತದೆ:

```
ffprobe -v error -select_streams v:0 \
 -show_entries stream=codec_name,profile,pix_fmt,color_range,r_frame_rate,avg_frame_rate \
 -of default=nw=1 film_v1.mov
```

ಮೊದಲ ಎಕ್ಸ್‌ಪೋರ್ಟ್‌ಗೆ ಬಂದ ಉತ್ತರದ ಮೊದಲ ಮೂರು ಸಾಲು ಇವು:

```
codec_name=h264
profile=High
pix_fmt=yuv420p
```

ಇಲ್ಲಿ ನೋಡಬೇಕಾದ್ದು `pix_fmt`. `yuv420p` ಅಂದರೆ 8 ಬಿಟ್, ಜೊತೆಗೆ ಬಣ್ಣದ ಮಾಹಿತಿ 4:2:0. ಅಂದರೆ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಅಳತೆ. ಕೊನೆಯಲ್ಲಿ `10le` ಅಂತ ಇದ್ದರೆ 10 ಬಿಟ್. `yuv422p10le` ಕಂಡರೆ 10 ಬಿಟ್ 4:2:2. ಕಲರ್ ಕೆಲಸಕ್ಕೆ ಸಾಮಾನ್ಯವಾಗಿ ಕನಿಷ್ಠ ಬೇಕಾದ್ದು ಇದೇ.

ಎಚ್.264 ಮತ್ತು ಎಚ್.265 ನೋಡುಗರಿಗೆ ತಲುಪಿಸಲು ಹುಟ್ಟಿದ ಡೆಲಿವರಿ ಕೋಡೆಕ್‌ಗಳು. ಕಣ್ಣಿಗೆ ಗೊತ್ತಾಗದ್ದನ್ನು ಕಿತ್ತೆಸೆದು ಫೈಲನ್ನು ಚಿಕ್ಕದು ಮಾಡುವುದೇ ಅವುಗಳ ಕೆಲಸ, ಅದನ್ನು ತುಂಬ ಚೆನ್ನಾಗಿ ಮಾಡುತ್ತವೆ. ಆದರೆ ಕಲರ್ ಮಾಡುವವರು ಎಳೆದು ಮೇಲೆ ತರುವುದು ಕಣ್ಣಿಗೆ ಗೊತ್ತಾಗದೆ ಅಡಗಿರುವ ಆ ಭಾಗವನ್ನೇ. ಪ್ರೊರೆಸ್, ಡಿಎನ್‌ಎಕ್ಸ್‌ಎಚ್‌ಆರ್, ಸಿನೆಫಾರ್ಮ್ ಇವು ಇಂಟರ್ಮೀಡಿಯೆಟ್ ಕೋಡೆಕ್‌ಗಳು. ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಆದಷ್ಟೂ ಏನೂ ಕಳೆಯದಂತೆ ಸಾಗಿಸಲು ಮಾಡಿದವು. ಪ್ರತಿ ಫ್ರೇಮನ್ನೂ ಬೇರೆ ಬೇರೆಯಾಗಿ ಒತ್ತುತ್ತವೆ, ಅದಕ್ಕೇ ಟೈಮ್‌ಲೈನ್‌ನಲ್ಲಿ ಹಿಂದೆ ಮುಂದೆ ಓಡಾಡುವುದೂ ಹಗುರ.

ಪಟ್ಟಿ ಯಾಕೆ ಬಂತು, ಲೆಕ್ಕ ಹಾಕಿ ನೋಡೋಣ

8 ಬಿಟ್ ವಿಡಿಯೋದಲ್ಲಿ ಕಪ್ಪು 16ರಲ್ಲಿ, ಬಿಳಿ 235ರಲ್ಲಿ ಇರುತ್ತದೆ. ನಡುವೆ 219 ಮೆಟ್ಟಿಲು. 10 ಬಿಟ್‌ನಲ್ಲಿ ಕಪ್ಪು 64, ಬಿಳಿ 940. ನಡುವೆ 876. ಅಂದರೆ ಸರಿಯಾಗಿ ನಾಲ್ಕು ಪಟ್ಟು.

ಲಾಗ್ ಚಿತ್ರದಲ್ಲಿ ಎಲ್ಲವೂ ನಡುವೆ ಒತ್ತಿಕೊಂಡಿರುತ್ತದೆ, ಅಲ್ವಾ? ನನ್ನ ಶಾಟ್‌ನಲ್ಲಿ ಇಡೀ ಆಕಾಶ, ಹೊಳಪಿನ ಮಟ್ಟ ತೋರಿಸುವ ವೇವ್‌ಫಾರ್ಮ್ ಗ್ರಾಫ್‌ನ ಶೇಕಡಾ 50ರಿಂದ 58ರ ನಡುವೆ ಕೂತಿತ್ತು. ಬರೀ ಶೇಕಡಾ 8 ಜಾಗ. 8 ಬಿಟ್‌ನಲ್ಲಿ ಅಷ್ಟು ಜಾಗಕ್ಕೆ ಸಿಗುವುದು 17 ಮೆಟ್ಟಿಲು, 10 ಬಿಟ್‌ನಲ್ಲಿ 70. ಆಕಾಶ ಫ್ರೇಮಿನ ಮೇಲಿನ ಅರ್ಧ ತುಂಬಿತ್ತು, ಅಂದರೆ 1080 ಗೆರೆ. 17 ಮೆಟ್ಟಿಲಿಗೆ ಹಂಚಿದರೆ ಒಂದೊಂದು ಪಟ್ಟಿ ಸುಮಾರು 63 ಗೆರೆ ದಪ್ಪ. 70ಕ್ಕೆ ಹಂಚಿದರೆ ಸುಮಾರು 15 ಗೆರೆ.

ಈಗ ಗ್ರೇಡ್ ಮಾಡಿ ಆ ಶೇಕಡಾ 8ನ್ನು 32ಕ್ಕೆ ಎಳೆದೆ ಅಂದುಕೊಳ್ಳಿ, ನಾಲ್ಕು ಪಟ್ಟು. 8 ಬಿಟ್ ಫೈಲ್‌ನಲ್ಲಿ ಪಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ವ್ಯತ್ಯಾಸ ಸುಮಾರು ಶೇಕಡಾ 1.8 ಆಗುತ್ತದೆ. 63 ಗೆರೆ ದಪ್ಪದ ಪಟ್ಟಿಗಳು, ಅಷ್ಟು ವ್ಯತ್ಯಾಸ, ನೀವು ಹುಡುಕದಿದ್ದರೂ ಕಣ್ಣಿಗೆ ಹೊಡೆಯುತ್ತದೆ. 10 ಬಿಟ್ ಫೈಲನ್ನು ಅಷ್ಟೇ ಎಳೆದರೆ ವ್ಯತ್ಯಾಸ ಶೇಕಡಾ 0.46ರ ಹತ್ತಿರ. ಎಳೆಯದ 8 ಬಿಟ್ ಚಿತ್ರದ ಒಂದು ಮೆಟ್ಟಿಲೂ ಅಷ್ಟೇ. ಎಳೆದ ಮೇಲೂ 10 ಬಿಟ್ ಫೈಲ್ ಎಳೆಯದ 8 ಬಿಟ್‌ನಷ್ಟು ನಯವಾಗಿ ಉಳಿಯುತ್ತದೆ. ಲಾಗ್ ಫೂಟೇಜ್‌ಗೆ 10 ಬಿಟ್ ಬೇಕು ಅಂತ ಎಲ್ಲರೂ ಹೇಳುವುದರ ಹಿಂದಿರುವ ಲೆಕ್ಕ ಇದು.

ಚೌಕ ಚೌಕಗಳ ಕಾರಣ ಬೇರೆ. ಅದು ಬಿಟ್ ಕಡಿಮೆಯಾದ್ದರಿಂದಲ್ಲ, ಒತ್ತುವುದು ಜಾಸ್ತಿಯಾದ್ದರಿಂದ. ಕಪ್ಪು ಜಾಗದಲ್ಲಿ ಸೂಕ್ಷ್ಮ ವ್ಯತ್ಯಾಸಗಳನ್ನು ಕೋಡೆಕ್ ಬಿಟ್ಟುಬಿಟ್ಟಿರುತ್ತದೆ, ಶ್ಯಾಡೋ ಎತ್ತಿದಾಗ ಬ್ಲಾಕ್‌ಗಳು ಬಯಲಾಗುತ್ತವೆ. ಇನ್ನು ಒಂದು ಬಣ್ಣವನ್ನು ಮಾತ್ರ ಆರಿಸುವಾಗ ಅಂಚು ಗರಗಸದ ಹಾಗೆ ಬಂದರೆ ಅದು 4:2:0ರ ಗುರುತು. ಮೂರೂ ಬೇರೆ ಬೇರೆ ದೋಷ. ಆದರೆ ಮೊದಲ ಎಕ್ಸ್‌ಪೋರ್ಟ್‌ನಲ್ಲಿ ಮೂರೂ ಒಟ್ಟಿಗೇ ಇದ್ದವು.

ಎರಡನೇ ಸಲ: ಹೆಸರು ನೋಡಿ ಮೋಸಹೋದದ್ದು

ಗೆಳೆಯನಿಗೆ ಫೋನ್ ಮಾಡಿ ಇಂಟರ್ಮೀಡಿಯೆಟ್ ಕೋಡೆಕ್‌ನಲ್ಲಿ ಕಳಿಸು ಅಂದೆ. ಅವನು ಕಳಿಸಿದ. ಫೈಲ್ ದೊಡ್ಡದಾಗಿತ್ತು, ಚೌಕಗಳು ಮಾಯವಾಗಿದ್ದವು. ಪಟ್ಟಿ ಮಾತ್ರ ಹಾಗೇ ಇತ್ತು. ಮತ್ತೆ ಕೇಳಿದೆ:

```
codec_name=dnxhd
profile=DNXHR HQ
pix_fmt=yuv422p
```

`ffprobe` ಡಿಎನ್‌ಎಕ್ಸ್‌ಎಚ್‌ಆರ್ ಫೈಲನ್ನೂ `dnxhd` ಅಂತಲೇ ಕರೆಯುತ್ತದೆ, ಅದರಿಂದ ಗಾಬರಿ ಬೇಡ. ಮತ್ತೆ `pix_fmt` ನೋಡಿ. 4:2:2 ಇದೆ, `10le` ಇಲ್ಲ.

"ಎಚ್‌ಕ್ಯೂ ಅಂದ್ರೆ ಹೈ ಕ್ವಾಲಿಟಿ ತಾನೇ?" ಅಂದ ಅವನು. ಅವನ ತಪ್ಪಲ್ಲ. ಪ್ರೊರೆಸ್ 422 ಎಚ್‌ಕ್ಯೂ 10 ಬಿಟ್. ಅದೇ ಎಚ್‌ಕ್ಯೂ ಅನ್ನುವ ಹೆಸರು ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ 8 ಬಿಟ್. ಅಲ್ಲಿ `LB`, `SQ`, `HQ` ಮೂರೂ 8 ಬಿಟ್. 10 ಬಿಟ್ ಬೇಕೆಂದರೆ ಕೊನೆಯಲ್ಲಿ ಎಕ್ಸ್ ಇರುವ `HQX`, ಅಥವಾ `444` ಆರಿಸಬೇಕು. ಪ್ರೊರೆಸ್‌ನಲ್ಲಿ ಈ ತೊಂದರೆ ಇಲ್ಲ. ಅತಿ ಚಿಕ್ಕ ಪ್ರಾಕ್ಸಿಯಿಂದ ಹಿಡಿದು ಎಲ್ಲ 422 ಬಗೆಗಳೂ 10 ಬಿಟ್, ವ್ಯತ್ಯಾಸ ಎಷ್ಟು ಒತ್ತುತ್ತವೆ ಅನ್ನುವುದರಲ್ಲಿ ಮಾತ್ರ. 4444 ಇದ್ದರೆ 12 ಬಿಟ್‌ವರೆಗೆ ಹೋಗುತ್ತದೆ, ಆಲ್ಫಾ ಚಾನೆಲ್ ಕೂಡ ಹಿಡಿಯುತ್ತದೆ. ಗ್ರಾಫಿಕ್ಸ್ ಅಥವಾ ಪಾರದರ್ಶಕ ಟೈಟಲ್ ಇಲ್ಲದ 4:2:2 ಕ್ಯಾಮೆರಾ ಫೂಟೇಜ್‌ಗೆ ಅಷ್ಟು ಬೇಕಿಲ್ಲ.

ಮೂರನೇ ಸಲ: ಫೈಲ್ 10 ಬಿಟ್, ಚಿತ್ರ 8 ಬಿಟ್

ಈ ಸಲ `HQX` ಬಂತು. `pix_fmt=yuv422p10le`. ಖುಷಿಯಿಂದ ಗ್ರೇಡ್ ಹಾಕಿದೆ. ಆಕಾಶದಲ್ಲಿ ಪಟ್ಟಿ!

ಇದು ಹಿಡಿಯಲು ಕಷ್ಟದ್ದು, ಯಾಕಂದರೆ `ffprobe` ಹೇಳುವುದು ಪಾತ್ರೆಯ ಅಳತೆ ಮಾತ್ರ. 8 ಬಿಟ್ ಚಿತ್ರವನ್ನು 10 ಬಿಟ್ ಪಾತ್ರೆಗೆ ಸುರಿದರೂ ಅದು 10 ಬಿಟ್ ಅಂತಲೇ ಹೇಳುತ್ತದೆ. ಕಳೆದುಹೋದದ್ದು ಪಾತ್ರೆ ದೊಡ್ಡದಾದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ಎಚ್.264 ಎಕ್ಸ್‌ಪೋರ್ಟನ್ನೇ ಪ್ರೊರೆಸ್‌ಗೆ ಪರಿವರ್ತಿಸಿ ಕಳಿಸಿದರೂ ಇದೇ ಕಥೆ.

ಇದನ್ನು ಹಿಡಿಯುವುದು ವೇವ್‌ಫಾರ್ಮ್‌ನಲ್ಲಿ. ಆಕಾಶ ಮಾತ್ರ ಇರುವ ಜಾಗಕ್ಕೆ ಜೂಮ್ ಮಾಡಿ, ಕಾಂಟ್ರಾಸ್ಟನ್ನು ಬೇಕಂತಲೇ ವಿಪರೀತ ಏರಿಸಿ. ನಿಜವಾದ 10 ಬಿಟ್ ಆದರೆ ವೇವ್‌ಫಾರ್ಮ್ ಹೊಗೆಯ ಹಾಗೆ ತುಂಬಿಕೊಂಡು ಹರಡುತ್ತದೆ. 8 ಬಿಟ್‌ನಿಂದ ಬಂದದ್ದಾದರೆ ಅಡ್ಡಗೆರೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ನಡುವೆ ಖಾಲಿ ಅಂತರ. ಗೆರೆಗಳ ನಡುವೆ ಒಂದಿಷ್ಟು ಮಸುಕು ಇರಬಹುದು, ಅದು ಎರಡನೇ ಸಲ ಒತ್ತಿದ್ದರ ಗುರುತು. ನನ್ನ ಶಾಟ್‌ನಲ್ಲಿ ಆ ಗೆರೆಗಳನ್ನು ಎಣಿಸಬಹುದಿತ್ತು, 17ರ ಆಸುಪಾಸು.

ಒಂದು ಎಚ್ಚರಿಕೆ. ಗ್ರೇನ್ ಜಾಸ್ತಿ ಇರುವ ಶಾಟ್‌ನಲ್ಲಿ ಈ ಪರೀಕ್ಷೆ ಮಾಡಬೇಡಿ. ನಾಯ್ಸ್ ಮೆಟ್ಟಿಲುಗಳನ್ನು ಮುಚ್ಚಿಬಿಡುತ್ತದೆ. ಬೆಳಕು ಚೆನ್ನಾಗಿದ್ದ, ಶುಭ್ರವಾದ ಶಾಟೇ ಬೇಕು. ಇದೇ ಕಾರಣಕ್ಕೆ ಡಿನಾಯ್ಸ್ ಮಾಡಿದ ತಕ್ಷಣ ಎಷ್ಟೋ ಶಾಟ್‌ಗಳಲ್ಲಿ ಪಟ್ಟಿ ಹೊಸದಾಗಿ ಎದ್ದು ಬಂದ ಹಾಗೆ ಕಾಣುತ್ತದೆ. ಅದು ಮೊದಲಿನಿಂದ ಇದ್ದದ್ದೇ.

ಹಾಗಾದರೆ 8 ಬಿಟ್ ಎಲ್ಲಿ ಸೇರಿಕೊಂಡಿತು? ಗೆಳೆಯನ ಪಕ್ಕ ಕೂತು ಎಕ್ಸ್‌ಪೋರ್ಟ್ ಕಿಟಕಿಯನ್ನು ಸಾಲು ಸಾಲಾಗಿ ನೋಡಿದೆವು. `Use Previews` ಗೆ ಟಿಕ್ ಇತ್ತು. ಎಡಿಟ್ ಮಾಡುವಾಗ ಸರಾಗವಾಗಿ ಓಡಲಿ ಅಂತ ಟೈಮ್‌ಲೈನ್ ರೆಂಡರ್ ಮಾಡಿಟ್ಟಿದ್ದ. ಆ ಪ್ರಿವ್ಯೂ ಫೈಲ್‌ಗಳು 8 ಬಿಟ್ ಎಂಪೆಗ್. ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ಕ್ಯಾಮೆರಾ ಫೈಲ್ ಮುಟ್ಟದೆ ಆ ಪ್ರಿವ್ಯೂಗಳನ್ನೇ ಎತ್ತಿ `HQX` ಪಾತ್ರೆಗೆ ತುಂಬಿತ್ತು. ಟಿಕ್ ತೆಗೆದು ಮತ್ತೆ ಎಕ್ಸ್‌ಪೋರ್ಟ್ ಮಾಡಿದೆವು. ವೇವ್‌ಫಾರ್ಮ್ ತುಂಬಿಕೊಂಡಿತು, ಆಕಾಶ ನಯವಾಯಿತು.

ನೀವು ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡರೆ ಇನ್ನೂ ಕೆಲವು ಗುಂಡಿಗಳನ್ನು ನೋಡಿ. `Render at Maximum Depth` ಅನ್ನುವ ಆಯ್ಕೆ ಇದ್ದರೆ ಆನ್ ಇರಲಿ. ಎಕ್ಸ್‌ಪೋರ್ಟ್‌ನಲ್ಲಿ `Depth` ಅಂತ ಕೇಳಿದರೆ `8-bpc` ಬಿಡಿ. ಡಾವಿಂಚಿ ರಿಸಾಲ್ವ್‌ನಿಂದ ಹೊರಗೆ ಕಳಿಸುವಾಗ `Use optimized media`, `Use proxy media`, `Use render cached images` ಇವುಗಳ ಟಿಕ್ ತೆಗೆಯಿರಿ. ಒರಿಜಿನಲ್ ಬದಲು ಹಗುರವಾದ ಪ್ರಾಕ್ಸಿ ಫೈಲ್ ಮೇಲೆ ಎಡಿಟ್ ಮಾಡಿದವರು ಎಕ್ಸ್‌ಪೋರ್ಟ್‌ಗೆ ಮುಂಚೆ ಒರಿಜಿನಲ್‌ಗೆ ಮರಳಿದ್ದಾರಾ ಅಂತ ಖಚಿತ ಮಾಡಿಕೊಳ್ಳಿ.

ಫೈಲ್ ಸೈಜ್ ಅನ್ನುವ ನಿಜವಾದ ತೊಂದರೆ

ಗೆಳೆಯ ಮೊದಲಿಗೆ ಎಚ್.264 ಯಾಕೆ ಕಳಿಸಿದ? ಅಪ್‌ಲೋಡ್ ಬೇಗ ಆಗಲಿ ಅಂತ. ಇದನ್ನು ತಳ್ಳಿಹಾಕುವಂತಿಲ್ಲ. 4ಕೆ, 25 ಫ್ರೇಮ್‌ಗೆ ಪ್ರೊರೆಸ್ 422 ಎಚ್‌ಕ್ಯೂ ಸೆಕೆಂಡಿಗೆ ಸುಮಾರು 737 ಮೆಗಾಬಿಟ್ ತಿನ್ನುತ್ತದೆ. 10 ನಿಮಿಷಕ್ಕೆ ಸುಮಾರು 55 ಜಿಬಿ. 50 ಮೆಗಾಬಿಟ್‌ನ ಎಚ್.264 ಅಷ್ಟೇ ಹೊತ್ತಿಗೆ 4 ಜಿಬಿಗೂ ಕಡಿಮೆ. ವ್ಯತ್ಯಾಸ ಅಷ್ಟಿದೆ.

ಜಾಗ ಸಾಲದಿದ್ದರೆ ಕೋಡೆಕ್ ಜಾತಿ ಬದಲಿಸಬೇಡಿ, ಅದೇ ಜಾತಿಯಲ್ಲಿ ಒಂದು ಮೆಟ್ಟಿಲು ಇಳಿಯಿರಿ. ಪ್ರೊರೆಸ್ 422 ಎಲ್‌ಟಿ ಅರ್ಧಕ್ಕಿಂತ ಕಡಿಮೆ ಜಾಗ ತಿನ್ನುತ್ತದೆ, ಆದರೂ 10 ಬಿಟ್ 4:2:2 ಆಗಿಯೇ ಇರುತ್ತದೆ. ಆಕಾಶಕ್ಕೆ ಸಂಬಂಧಿಸಿದಂತೆ 8 ಬಿಟ್ ಎಚ್.264ಗಿಂತ ಅದು ಎಷ್ಟೋ ಮೇಲು. ಅಥವಾ ಇಡೀ ಚಿತ್ರ ಕಳಿಸುವ ಬದಲು ಇನ್ನೊಂದು ದಾರಿ ಹಿಡಿಯಿರಿ, ನನಗೆ ಅದೇ ಹೆಚ್ಚು ಇಷ್ಟ.

ಸಾಧ್ಯವಾದರೆ ಪರಿವರ್ತನೆಯನ್ನೇ ಬಿಡಿ

ಯಾವ ಶಾಟ್ ಎಲ್ಲಿ ಕಟ್ ಆಗಿದೆ ಅಂತ ಬರೆದಿಡುವ ಎಕ್ಸ್‌ಎಂಎಲ್ ಅಥವಾ ಎಎಎಫ್ ಫೈಲ್ ಕಳಿಸಿ, ಜೊತೆಗೆ ಕ್ಯಾಮೆರಾ ಒರಿಜಿನಲ್ ಕಳಿಸಿ. ಕಲರ್ ಸಾಫ್ಟ್‌ವೇರ್ ಆ ಟೈಮ್‌ಲೈನನ್ನು ಓದಿ ಒರಿಜಿನಲ್‌ಗಳಿಗೇ ಕೊಂಡಿ ಹಾಕುತ್ತದೆ. ಮತ್ತೊಮ್ಮೆ ಒತ್ತುವ ಮಾತೇ ಇಲ್ಲ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. "ಒರಿಜಿನಲ್ಲೇ ಎಚ್.265, ಡೆಲಿವರಿ ಕೋಡೆಕ್ ಅಲ್ವಾ, ಪ್ರೊರೆಸ್ ಮಾಡದೆ ಹೇಗೆ ಕಳಿಸೋದು?" ಅಂತ ಕೇಳುತ್ತಾರೆ. ಕ್ಯಾಮೆರಾ 10 ಬಿಟ್ ಎಚ್.265 ಬರೆದಿದ್ದರೆ ಆ ಮಾಹಿತಿ ಅದರಲ್ಲೇ ಇದೆ, ಹಾಗೇ ಕಳಿಸಬಹುದು. ಪ್ಲೇ ಆಗುವಾಗ ಕಂಪ್ಯೂಟರ್ ಒದ್ದಾಡಬಹುದು, ಅಷ್ಟೇ. ಹಾಳಾಗುವುದು ಅದನ್ನು ಇನ್ನೊಂದು ಸಲ ಎಚ್.264ಗೆ ಒತ್ತಿದಾಗ.

ಒದ್ದಾಟ ತಡೆಯಲಾಗದಿದ್ದರೆ, ಎಡಿಟ್ ಶುರುಮಾಡುವ ಮುಂಚೆಯೇ ಒರಿಜಿನಲ್‌ನಿಂದ ನೇರವಾಗಿ ಪರಿವರ್ತಿಸಿ:

```
ffmpeg -i A001.mov -c:v prores_ks -profile:v 3 \
 -pix_fmt yuv422p10le -c:a pcm_s24le hq/A001.mov
```

ಇಲ್ಲಿ `3` ಅಂದರೆ 422 ಎಚ್‌ಕ್ಯೂ. `hq` ಫೋಲ್ಡರನ್ನು ಮೊದಲೇ ಮಾಡಿಟ್ಟಿರಿ. ಫೈಲ್ ಹೆಸರು ಬದಲಿಸಬೇಡಿ, ಬೇರೆ ಫೋಲ್ಡರ್‌ನಲ್ಲಿ ಇಡಿ. ಆಮೇಲೆ ಕೊಂಡಿ ಹಾಕುವಾಗ ಹೆಸರು ಮತ್ತು ಟೈಮ್‌ಕೋಡ್ ಎರಡೂ ಬೇಕಾಗುತ್ತವೆ. ಟೈಮ್‌ಕೋಡ್ ಹೊಸ ಫೈಲ್‌ಗೂ ಬಂದಿದೆಯಾ ಅಂತ ಒಂದು ಕ್ಲಿಪ್ ತೆರೆದು ನೋಡಿ.

ಫೋನ್ ಅಥವಾ ಸ್ಕ್ರೀನ್ ರೆಕಾರ್ಡಿಂಗ್ ಫೂಟೇಜ್ ಇದ್ದರೆ `ffprobe` ಉತ್ತರದ `r_frame_rate` ಮತ್ತು `avg_frame_rate` ಹೋಲಿಸಿ. ಎರಡೂ ಬೇರೆ ಇದ್ದರೆ ಫ್ರೇಮ್ ರೇಟ್ ಏರಿಳಿಯುತ್ತಿರುವ ಸಂಭವ ಜಾಸ್ತಿ. ಅಂಥದ್ದನ್ನು ಎಡಿಟ್‌ಗೆ ಮುಂಚೆಯೇ ಸ್ಥಿರ ಫ್ರೇಮ್ ರೇಟಿಗೆ ತರದಿದ್ದರೆ ಕಲರ್‌ನಲ್ಲಿ ಕಟ್‌ಗಳು ಕೆಲವು ಫ್ರೇಮ್ ಜರುಗಿ ಕೂರುತ್ತವೆ.

ಎಕ್ಸ್‌ಎಂಎಲ್ ದಾರಿಗೂ ಮಿತಿ ಇದೆ. ವೇಗ ಬದಲಿಸಿದ ಶಾಟ್, ಪ್ಲಗಿನ್ ಎಫೆಕ್ಟ್, ಟೈಟಲ್ ಇವು ಎಷ್ಟೋ ಸಲ ದಾಟಿ ಬರುವುದಿಲ್ಲ. ಅವನ್ನು ಮಾತ್ರ ಪ್ರೊರೆಸ್ 422 ಎಚ್‌ಕ್ಯೂ ಅಥವಾ `HQX` ಮಾಡಿ ಬೇರೆ ಕ್ಲಿಪ್ ಆಗಿ ಕಳಿಸಿ. ಜೊತೆಗೆ ಇಡೀ ಎಡಿಟ್‌ನ ಒಂದು ಚಿಕ್ಕ ಎಚ್.264 ಫೈಲ್, ಟೈಮ್‌ಕೋಡ್ ಅದರ ಮೇಲೇ ಮೂಡಿರುವಂಥದ್ದು, ಕಳಿಸಿಬಿಡಿ. ಕಲರ್ ಮಾಡುವವರು ಅದನ್ನು ಪಕ್ಕದಲ್ಲಿಟ್ಟು ಪ್ರತಿ ಕಟ್ ಹೊಂದಿಸಿ ನೋಡುತ್ತಾರೆ. ಈ ಕೆಲಸಕ್ಕೆ ಡೆಲಿವರಿ ಕೋಡೆಕ್ ಸರಿಯಾದದ್ದೇ, ಅದನ್ನು ಯಾರೂ ಗ್ರೇಡ್ ಮಾಡುವುದಿಲ್ಲವಲ್ಲ.

ಕೋಡೆಕ್‌ನದ್ದಲ್ಲದ ಒಂದು ದೋಷ

ಪಟ್ಟಿ ಇಲ್ಲ, ಚೌಕ ಇಲ್ಲ, ಆದರೆ ಇಡೀ ಚಿತ್ರ ಬಿಳಿಚಿಕೊಂಡಿದೆ ಅಥವಾ ಕಪ್ಪೆಲ್ಲ ಮುಚ್ಚಿಹೋಗಿದೆ ಅಂದರೆ ಕೋಡೆಕ್ ಬದಲಿಸುತ್ತಾ ಕೂರಬೇಡಿ. ಒಂದು ಕಡೆ 16ರಿಂದ 235 ಅಂತ ಬರೆದದ್ದನ್ನು ಇನ್ನೊಂದು ಕಡೆ 0ಯಿಂದ 255 ಅಂತ ಓದಲಾಗಿದೆ, ಇಲ್ಲವೇ ಅದರ ತಿರುವುಮುರುವು. `color_range` ನೋಡಿ. `tv` ಅಂದರೆ ಮೊದಲನೆಯದು, `pc` ಅಂದರೆ ಎರಡನೆಯದು. ರಿಸಾಲ್ವ್‌ನಲ್ಲಿ `Clip Attributes` ಒಳಗೆ `Data Levels` ಬದಲಿಸಿದರೆ ಸಾಮಾನ್ಯವಾಗಿ ಅಲ್ಲೇ ಸರಿಹೋಗುತ್ತದೆ. ಮತ್ತೆ ಎಕ್ಸ್‌ಪೋರ್ಟ್ ಬೇಕಿಲ್ಲ.

ವಾಪಸ್ ಬರುವಾಗ

ಗ್ರೇಡ್ ಆದ ಚಿತ್ರ ಎಡಿಟ್‌ಗೆ ಹಿಂತಿರುಗುವಾಗಲೂ ಇಂಟರ್ಮೀಡಿಯೆಟ್ ಕೋಡೆಕ್‌ನಲ್ಲೇ ಬರಬೇಕು. ಟೈಟಲ್, ಧ್ವನಿ ಸೇರಿದ ಮೇಲೆ, ಅಪ್‌ಲೋಡ್‌ಗೆ ಅಂತ ಒಂದೇ ಒಂದು ಸಲ ಎಚ್.264 ಅಥವಾ ಎಚ್.265 ಮಾಡಿ. ನಮ್ಮ ಕೆಲಸದಲ್ಲಿ ಪ್ರೊರೆಸ್ ಮಾಸ್ಟರ್‌ನಲ್ಲಿ ಆಕಾಶ ನಯವಾಗಿತ್ತು, ಆ ಕೊನೆಯ ಎಚ್.264ನಲ್ಲಿ ಮಾತ್ರ ಮತ್ತೆ ತೆಳುವಾಗಿ ಪಟ್ಟಿ ಕಂಡಿತು. ಇದು ಕೊನೆಯ ಒತ್ತುವಿಕೆಯ ಪಟ್ಟಿ, ಹಿಂದಿನ ಯಾವ ಹಂತದ್ದೂ ಅಲ್ಲ. ಮಾಸ್ಟರ್‌ನ ಆಕಾಶಕ್ಕೆ ಕಣ್ಣಿಗೆ ಕಾಣಿಸಿಯೂ ಕಾಣದಷ್ಟು ಗ್ರೇನ್ ಹಾಕಿ, ಆ ಗ್ರೇನ್ ಉಳಿಯುವಷ್ಟು ಬಿಟ್‌ರೇಟ್ ಏರಿಸಿ ಮತ್ತೆ ಎನ್‌ಕೋಡ್ ಮಾಡಿದಾಗ ಅದೂ ಹೋಯಿತು.